ಕಂತು ಇಳಿಯಿತೆಂದು ಹಿಗ್ಗಬೇಡಿ, ಅವಧಿ ನೋಡಿ

ವೈಯಕ್ತಿಕ ಸಾಲಕ್ಕೆ ನಡುವೆ ಒಂದಷ್ಟು ಹಣ ಕಟ್ಟಲು ಹೊರಟಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಬ್ಯಾಂಕಿಗೆ ಹೋಗಿ. ನಾನು ಓದದೆ ಸಹಿ ಹಾಕಿ ಬಂದವನು. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಮಗಳ ಮದುವೆಗೆಂದು 5 ಲಕ್ಷ ತೆಗೆದಿದ್ದೆ. ಬಡ್ಡಿ ಶೇ 15, ಅವಧಿ 60 ತಿಂಗಳು, ಕಂತು 11,895 ರೂಪಾಯಿ. ಎರಡು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲು ಸುಮಾರು 3,43,000 ಉಳಿದಿತ್ತು. ಈ ಸಲ ಕಾಫಿ ಮಾರಿದ ಹಣದಲ್ಲಿ 1,50,000 ತೆಗೆದುಕೊಂಡು ಸೋಮವಾರಪೇಟೆಯ ಶಾಖೆಗೆ ಹೋದೆ. ಭಾಗಶಃ ಪಾವತಿಗೆ ಶೇ 4 ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟು 7,080 ಬೇರೆಯಾಗಿ ಕಡಿತವಾಯಿತು. ಅದನ್ನೂ ಸಹಿಸಿಕೊಂಡೆ. ಅವರು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದೆ.

ಮರುದಿನ ಮೊಬೈಲಿಗೆ ಸಂದೇಶ ಬಂತು: ಕಂತು 6,695. ಮನೆಯವರಿಗೆಲ್ಲ ತೋರಿಸಿ ಹಿಗ್ಗಿದೆ! ರಾತ್ರಿ ಊಟವಾದ ಮೇಲೆ ಅಕ್ಕನ ಮಗ ಹೊಸ ಕಂತುಪಟ್ಟಿ ತೆರೆದು, "ಮಾವ, ಅವಧಿ ಒಂದು ತಿಂಗಳೂ ಕಡಿಮೆಯಾಗಿಲ್ಲವಲ್ಲ" ಎಂದ. ಹೌದು, ಅದೇ 36 ತಿಂಗಳು. ಹಳೆಯ ಕಂತನ್ನೇ ಮುಂದುವರಿಸಿದ್ದರೆ ಸಾಲ 19 ತಿಂಗಳಲ್ಲಿ ಮುಗಿಯುತ್ತಿತ್ತು, ಇನ್ನು ಕಟ್ಟಬೇಕಾದ ಬಡ್ಡಿ ಸುಮಾರು 24,000. ಈಗ ಸುಮಾರು 48,000. ಕೊಟ್ಟ ಹಣ ಅಷ್ಟೇ, ಬಡ್ಡಿ ಮಾತ್ರ ಇಮ್ಮಡಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆಯೇ ಶಾಖೆಗೆ ಹೋಗಿ ಕೇಳಿದೆ. "ಸರ್, ಕಂತು ಕಡಿಮೆಯಾಯಿತಲ್ಲ, ಇನ್ನೇನು?" ಇದು ಮೊದಲ ಉತ್ತರ. "ಅವಧಿ ಇಳಿಸಿ ಎಂದು ನೀವು ಅರ್ಜಿಯಲ್ಲಿ ಗುರುತು ಹಾಕಿಲ್ಲ." ಇದು ಎರಡನೆಯದು. ಅರ್ಜಿಯಲ್ಲಿ ಎರಡು ಚೌಕಗಳಿದ್ದವು, ಎರಡೂ ಖಾಲಿ. ಖಾಲಿ ಬಿಟ್ಟರೆ ಕಂತು ಇಳಿಯುತ್ತದೆ ಎಂದು ಒಬ್ಬರಾದರೂ ಹೇಳಬಾರದಿತ್ತೇ? ಬದಲಿಸಿಕೊಡಿ ಎಂದರೆ, "ಮತ್ತೆ ಭಾಗಶಃ ಪಾವತಿ ಮಾಡಿದಾಗ ನೋಡೋಣ, ಇಲ್ಲವೇ ಪೂರ್ತಿ ಮುಚ್ಚಿಬಿಡಿ" ಎಂದರು. ಪೂರ್ತಿ ಮುಚ್ಚಲು ಉಳಿದ 1,93,000ದ ಮೇಲೆ ಮತ್ತೆ ಅದೇ ಶುಲ್ಕ, 9,100 ರೂಪಾಯಿ! ರಿಸರ್ವ್ ಬ್ಯಾಂಕ್ ಈ ಶುಲ್ಕ ತೆಗೆದಿದೆಯಲ್ಲ ಎಂದೆ. ಅದು 2026ರ ಜನವರಿ 1ರಿಂದ ಮಂಜೂರಾದ, ಬದಲಾಗುವ ಬಡ್ಡಿದರದ ಸಾಲಕ್ಕೆ ಎಂದರು. ನನ್ನದು ಹಳೆಯದು, ಸ್ಥಿರ ದರದ್ದು. ಅಲ್ಲಿ ಬಾಯಿ ಮುಚ್ಚಬೇಕಾಯಿತು.

ಲೆಕ್ಕ ಹಾಕಿದರೆ 9,100 ಕೊಟ್ಟಾದರೂ ಈಗಲೇ ಮುಚ್ಚಿದರೆ 48,000 ಬಡ್ಡಿ ಕಟ್ಟುವುದು ತಪ್ಪುತ್ತದೆ. ಆದರೆ ಅಷ್ಟು ಹಣ ನನ್ನ ಬಳಿ ಎಲ್ಲಿದೆ?

ನೀವು ಕಟ್ಟುವ ಮುನ್ನ "ಕಂತು ಹಾಗೇ ಇರಲಿ, ಅವಧಿ ಇಳಿಸಿ" ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸ ಕಂತುಪಟ್ಟಿಯಲ್ಲಿ ಕೊನೆಯ ಕಂತಿನ ತಿಂಗಳು ನೋಡದೆ ಎದ್ದು ಬರಬೇಡಿ. ನಾನು ಲಿಖಿತ ದೂರು ಕೊಟ್ಟಿದ್ದೇನೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತೇನೆ.