ಹಿನ್ನೆಲೆಯ ಜನಸಂದಣಿಗೆ ಆಡ್-ಆನ್ ಬೇಕಾ, ಒಂಬತ್ತು ರಿಗ್ ಸಾಕಾ?

ದುಡ್ಡು ಕೊಟ್ಟು ತಗೊಂಡ ಕ್ರೌಡ್ ಆಡ್-ಆನ್ ಈಗ ನನ್ನ ಕಂಪ್ಯೂಟರಿನಲ್ಲಿ ಸುಮ್ನೆ ಕೂತಿದೆ. ಬೀದಿ ತುಂಬ ನಡೆಯುವ ಜನ ಬೇಕು ಅಂದಾಗ ನಾನು ಹೋಗುವುದು ಬ್ಲೆಂಡರ್‌ನ ಇನ್‌ಸ್ಟೆನ್ಸಿಂಗ್ ಕಡೆಗೇ. ಒಂದೇ ನಡಿಗೆಯ ಸೈಕಲ್ ಹಂಚಿಕೊಂಡ ಒಂಬತ್ತು ರಿಗ್, ಅವುಗಳಿಂದ ಇನ್ನೂರು ಜನ. ಅಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಹೋಲಿಕೆಗೆ ಒಂದೇ ಶಾಟ್ ಇಟ್ಟುಕೊಂಡೆ. ಮುಂದೆ ಎರಡು ಪಾತ್ರಗಳು ನಿಂತು ಮಾತಾಡುತ್ತಿವೆ. ಹಿಂದೆ ಇನ್ನೂರು ಜನ ಎರಡೂ ದಿಕ್ಕಿಗೆ ನಡೆದು ಹೋಗುತ್ತಿದ್ದಾರೆ. ಹತ್ತು ಸೆಕೆಂಡು, ಸೆಕೆಂಡಿಗೆ 24 ಫ್ರೇಮ್. ಕ್ಯಾಮೆರಾ ಮನುಷ್ಯನ ಕಣ್ಣಿನ ಎತ್ತರದಲ್ಲಿದೆ, ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ.

ಮೊದಲ ದಾರಿ ಎಲ್ಲರಿಗೂ ಹೊಳೆಯುವಂಥದ್ದು. ರಿಗ್ ಅನ್ನು ಕಾಪಿ ಮಾಡುತ್ತಾ ಹೋಗಿ, ಪ್ರತಿಯೊಂದರ ಎನ್ಎಲ್ಎ ಸ್ಟ್ರಿಪ್ ಅನ್ನು ಒಂದಿಷ್ಟು ಹಿಂದೆ ಮುಂದೆ ಸರಿಸುವುದು. ಹಿಡಿತದ ವಿಷಯದಲ್ಲಿ ಇದನ್ನು ಮೀರಿಸಿದ್ದಿಲ್ಲ. ಯಾರನ್ನಾದರೂ ನಿಲ್ಲಿಸಬಹುದು, ತಿರುಗಿಸಬಹುದು, ಕೈ ಎತ್ತಿಸಬಹುದು. ಆದರೆ ಕಂಪ್ಯೂಟರ್ ಬೇಗ ಸುಸ್ತಾಗುತ್ತದೆ. `Alt+D` ಒತ್ತಿ ಕಾಪಿ ಮಾಡಿದರೆ ಎಲ್ಲರೂ ಒಂದೇ ಮೆಶ್ ಹಂಚಿಕೊಳ್ಳುತ್ತಾರೆ, ನಿಜ. ಆದರೂ ಆರ್ಮೇಚರ್ ಮಾಡಿಫೈಯರ್ ಆ ಮೆಶ್ ಅನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬಗ್ಗಿಸಬೇಕಲ್ಲ? ಇನ್ನೂರು ಜನ ಇದ್ದರೆ ಪ್ರತಿ ಫ್ರೇಮಿಗೆ ಇನ್ನೂರು ಸಲ ಲೆಕ್ಕ. ಪ್ಲೇ ಒತ್ತಿ ನಡಿಗೆ ಸರಿ ಇದೆಯಾ ಅಂತ ನೋಡುವುದಕ್ಕೇ ಆಗುವುದಿಲ್ಲ.

ಆಡ್-ಆನ್ ಒಳ್ಳೆಯದೇ. ಎದುರಿಗೆ ಬಂದವರನ್ನು ತಪ್ಪಿಸಿಕೊಂಡು ಹೋಗುವುದು, ಅಡ್ಡ ಸಿಕ್ಕಿದ್ದನ್ನು ಬಳಸಿ ನಡೆಯುವುದು, ಇವೆಲ್ಲ ಅದಕ್ಕೆ ಬರುತ್ತವೆ. ನನಗೆ ಸಿಟ್ಟು ಬಂದದ್ದು ಪಾದದ ವಿಷಯಕ್ಕೆ. ವೈವಿಧ್ಯ ಇರಲಿ ಅಂತ ಅದು ಜನರ ವೇಗವನ್ನು ಹೆಚ್ಚುಕಮ್ಮಿ ಮಾಡುತ್ತದೆ, ಆದರೆ ಸೈಕಲ್ ಮಾತ್ರ ತನ್ನ ಪಾಡಿಗೆ ಮೊದಲಿನ ವೇಗದಲ್ಲೇ ಓಡುತ್ತದೆ. ಹಾಗಾಗಿ ನೆಲಕ್ಕೆ ಊರಿದ ಪಾದ ಮಂಜುಗಡ್ಡೆಯ ಮೇಲೆ ಇಟ್ಟ ಹಾಗೆ ಜಾರುತ್ತದೆ. ಜೊತೆಗೆ ಒಂದು ದಾರಿ ಬದಲಿಸಿದರೂ ಇಡೀ ಕ್ಯಾಶ್ ಮತ್ತೆ ಮಾಡಬೇಕು. ಕೊನೆ ಗಳಿಗೆಯಲ್ಲಿ ಬದಲಾವಣೆ ಬರುವ ನನ್ನಂಥವರ ಕೆಲಸಕ್ಕೆ ಇದು ಒಗ್ಗುವುದಿಲ್ಲ.

(ಚಿತ್ರಗಳ ಸರಣಿಯನ್ನು ಚಪ್ಪಟೆ ಹಲಗೆಗೆ ಅಂಟಿಸುವ ವಿಧಾನವೂ ಇದೆ. ತೀರಾ ದೂರಕ್ಕೆ ಸರಿ. ಕ್ಯಾಮೆರಾ ಪಕ್ಕಕ್ಕೆ ಸರಿದರೆ ಗುಟ್ಟು ರಟ್ಟಾಗುತ್ತದೆ.)

ಇನ್‌ಸ್ಟೆನ್ಸಿಂಗ್‌ನಲ್ಲಿ ಬಗ್ಗಿಸುವ ಲೆಕ್ಕ ಮೂಲ ರಿಗ್‌ಗಳಿಗೆ ಮಾತ್ರ. ನೆಲದ ಮೇಲೆ ಚುಕ್ಕೆಗಳನ್ನು ಹರಡಿ, `Instance on Points` ನೋಡ್‌ನಲ್ಲಿ `Pick Instance` ಆನ್ ಮಾಡಿದರೆ ಪ್ರತಿ ಚುಕ್ಕೆಯೂ ಒಂದು ಮೂಲವನ್ನು ಆರಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ `Collection Info` ನೋಡ್‌ನಲ್ಲಿ `Separate Children` ಆನ್ ಇರಬೇಕು. ಮೆಶ್‌ಗಳು ಒಂದು ಕಲೆಕ್ಷನ್‌ನಲ್ಲಿ, ಆರ್ಮೇಚರ್‌ಗಳು ಇನ್ನೊಂದರಲ್ಲಿ ಇರಲಿ. ನಡಿಗೆ ಇದ್ದಲ್ಲೇ ನಡೆಯುವಂಥದ್ದಾಗಿರಬೇಕು. ಮುಂದೆ ಸಾಗುವುದು ಚುಕ್ಕೆಯ ಕೆಲಸ.

ಇದರ ದೊಡ್ಡ ಕಾಟ ಒಂದಿದೆ. ಒಂದು ಮೂಲದಿಂದ ಬಂದವರೆಲ್ಲ ಒಂದೇ ಕ್ಷಣಕ್ಕೆ ಒಂದೇ ಹೆಜ್ಜೆ ಹಾಕುತ್ತಾರೆ. ಅವರಲ್ಲಿ ಒಬ್ಬನ ಸಮಯವನ್ನು ಮಾತ್ರ ಸರಿಸುವುದಕ್ಕೆ ಬರುವುದಿಲ್ಲ. ಆದ್ದರಿಂದ ಬೇರೆ ಬೇರೆ ಹೆಜ್ಜೆಯಲ್ಲಿರುವ ಮೂಲಗಳನ್ನೇ ಮಾಡಿಕೊಳ್ಳಬೇಕು. ನನ್ನ ಸೈಕಲ್ 24 ಫ್ರೇಮ್‌ನದು, 1ನೇ ಮತ್ತು 25ನೇ ಫ್ರೇಮ್‌ನಲ್ಲಿ ಒಂದೇ ಭಂಗಿ. ಮೊದಲು ಮೂರು ಮೂರು ಫ್ರೇಮ್ ಅಂತರದಲ್ಲಿ ಎಂಟು ಮೂಲ ಮಾಡಿದೆ: 0, 3, 6, ಹೀಗೆ 21ರವರೆಗೆ. ಎಂಟು ಬಗೆಯ ಹೆಜ್ಜೆ ಅಂದರೆ ಸಾಕು ಅನಿಸುತ್ತದೆ, ಅಲ್ವಾ? ಪ್ಲೇ ಮಾಡಿದರೆ ಮಾತ್ರ ಇಡೀ ಬೀದಿ ಕವಾಯತು ಮಾಡುತ್ತಿದೆ.

ಕಾರಣ ತಲೆಯಲ್ಲಿದೆ. ಗುಂಪಿನಲ್ಲಿ ಕಾಲು ಕಾಣುವುದು ಕಮ್ಮಿ, ತಲೆ ಕಾಣುವುದು ಜಾಸ್ತಿ. ಒಂದು ಪೂರ್ತಿ ಸೈಕಲ್ ಅಂದರೆ ಎರಡು ಹೆಜ್ಜೆ, ಹಾಗಾಗಿ ಅಷ್ಟರಲ್ಲಿ ತಲೆ ಎರಡು ಸಲ ಏರಿಳಿಯುತ್ತದೆ. 0ಯಲ್ಲಿ ಶುರುವಾದವನಿಗೂ 12ರಲ್ಲಿ ಶುರುವಾದವನಿಗೂ ಎಡಬಲ ಮಾತ್ರ ಅದಲುಬದಲು. ತಲೆಯ ಎತ್ತರ ಒಂದೇ. 3 ಮತ್ತು 15, 6 ಮತ್ತು 18, 9 ಮತ್ತು 21ರ ಕಥೆಯೂ ಅದೇ. ಎಂಟು ಮೂಲ ಅಂತ ಲೆಕ್ಕ ಹಾಕಿದ್ದು ಕಣ್ಣಿಗೆ ನಾಲ್ಕೇ ಆಗಿ ಕಾಣುತ್ತದೆ. ಅನುಮಾನ ಇದ್ದರೆ ಕ್ಯಾಮೆರಾವನ್ನು ಕತ್ತಿನಿಂದ ಮೇಲಕ್ಕೆ ಇಟ್ಟು ಪ್ಲೇ ಮಾಡಿ. ತಲೆಗಳ ಸಾಲು ಅಲೆಯ ಹಾಗೆ ಒಟ್ಟಿಗೆ ಏಳುತ್ತಿದ್ದರೆ ತೊಂದರೆ ಇದೇ.

ಪರಿಹಾರ ಸುಲಭ. ಸೈಕಲ್ ಅನ್ನು ಸರಿ ಸಂಖ್ಯೆಯ ಬದಲು ಬೆಸ ಸಂಖ್ಯೆಯ ಭಾಗ ಮಾಡಬೇಕು. 24 ಅನ್ನು ಮೂರು ಭಾಗ ಮಾಡಿದರೆ 0, 8, 16 ಸಿಗುತ್ತವೆ. ಇವುಗಳಲ್ಲಿ ಯಾವ ಎರಡರ ನಡುವೆಯೂ 12ರ ಅಂತರ ಇಲ್ಲ, ಮೂರು ತಲೆಗಳೂ ಏರಿಳಿತದ ಬೇರೆ ಬೇರೆ ಹಂತದಲ್ಲಿರುತ್ತವೆ. ಸ್ಟ್ರಿಪ್ ಅನ್ನು 8 ಫ್ರೇಮ್ ಸರಿಸುವುದು ಅಂದರೆ ಅದರ ಶುರುವನ್ನು 1ರಿಂದ -7ಕ್ಕೆ ಒಯ್ಯುವುದು. ಶಾಟ್ ಇರುವುದು 240 ಫ್ರೇಮ್, ಆದ್ದರಿಂದ `Repeat` ಅನ್ನು 12ಕ್ಕೆ ಇಟ್ಟರೆ ಕೊನೆಯಲ್ಲಿ ಯಾರೂ ಕಲ್ಲಾಗಿ ನಿಲ್ಲುವುದಿಲ್ಲ.

ಇಷ್ಟಾದರೂ ಇನ್ನೊಂದು ಉಳಿಯುತ್ತದೆ. ಎಲ್ಲರ ಸೈಕಲ್ 24 ಫ್ರೇಮೇ ಆದರೆ ಅಕ್ಕಪಕ್ಕದ ಇಬ್ಬರ ಹೆಜ್ಜೆಯ ಅಂತರ ಶಾಟ್ ಮುಗಿಯುವವರೆಗೂ ಒಂಚೂರೂ ಬದಲಾಗುವುದಿಲ್ಲ. ಕಣ್ಣು ಅದನ್ನು ಹಿಡಿಯುತ್ತದೆ. ಅದಕ್ಕೇ ಅದೇ ನಡಿಗೆಯನ್ನು ಸ್ಟ್ರಿಪ್‌ನ `Scale` ಬದಲಿಸಿ 23 ಮತ್ತು 26 ಫ್ರೇಮ್‌ಗೂ ಎಳೆಯುತ್ತೇನೆ, ಒಂದೊಂದು ಉದ್ದಕ್ಕೂ ಮೂರು ಮೂಲ. 24 ಮತ್ತು 26ರ ಹೆಜ್ಜೆಗಳು ಎಡಬಲ ಸಮೇತ ಮತ್ತೆ ಮೊದಲಿನ ಜಾಗಕ್ಕೆ ಬರುವುದು 312 ಫ್ರೇಮ್ ಆದಮೇಲೆ, ಅಂದರೆ 13 ಸೆಕೆಂಡು. ಅಷ್ಟರಲ್ಲಿ ಶಾಟ್ ಮುಗಿದಿರುತ್ತದೆ. ಒಂಬತ್ತು ರಿಗ್ ಬಂದದ್ದು ಹೀಗೆ.

ಇನ್ನು ಆಡ್-ಆನ್‌ನಲ್ಲಿ ಕಾಡಿದ ಪಾದದ ಜಾರಾಟ. ಇಲ್ಲಿ ವೇಗ ನನ್ನ ಕೈಯಲ್ಲೇ ಇದೆ. ನನ್ನ ಪಾತ್ರ ಒಂದು ಸೈಕಲ್‌ನಲ್ಲಿ 1.4 ಮೀಟರ್ ಸಾಗಬೇಕು. ಚುಕ್ಕೆಯ ವೇಗಕ್ಕೆ ಇಷ್ಟೇ ಸೂತ್ರ, ಉತ್ತರ ಸೆಕೆಂಡಿಗೆ ಮೀಟರ್‌ನಲ್ಲಿ:

```
speed = 1.4 * 24 / frames * scale
```

23 ಫ್ರೇಮ್‌ನವರಿಗೆ 1.46, 24ರವರಿಗೆ 1.4, 26ರವರಿಗೆ 1.29 ಬರುತ್ತದೆ. ಕೊನೆಯ `scale` ಅಂದರೆ ಮನುಷ್ಯನ ಎತ್ತರ ಮೂಲದ ಎಷ್ಟು ಪಟ್ಟು ಅನ್ನುವುದು. ಎತ್ತರವನ್ನು 0.92ರಿಂದ 1.06ರವರೆಗೆ ಹರಡಿದ್ದೇನೆ. ಕುಳ್ಳಗಾದವನ ಹೆಜ್ಜೆಯೂ ಚಿಕ್ಕದಾಗುತ್ತದೆ, ವೇಗವನ್ನು ಅಷ್ಟೇ ಇಳಿಸದಿದ್ದರೆ ಮತ್ತೆ ಜಾರುತ್ತಾನೆ. ಯಾವ ಮೂಲ ಆಯ್ಕೆಯಾಯಿತೋ ಅದರ ನಂಬರಿನಿಂದಲೇ ವೇಗವೂ ಬರಬೇಕು. ಕಲೆಕ್ಷನ್‌ನಲ್ಲಿ ಮೂಲಗಳು ಅಕ್ಷರಕ್ರಮದಲ್ಲಿ ಬರುತ್ತವೆ, ಆದ್ದರಿಂದ ಹೆಸರಿಡುವಾಗಲೇ 0–2 ಎಲ್ಲ 23ರವು, 3–5 ಎಲ್ಲ 24ರವು ಅಂತ ಜೋಡಿಸಿಕೊಳ್ಳಿ.

ಬಟ್ಟೆಯ ಬಣ್ಣಕ್ಕೆ ಪ್ರತಿ ಇನ್‌ಸ್ಟೆನ್ಸ್‌ಗೂ ಒಂದು ಸಂಖ್ಯೆ ಕೊಟ್ಟು, ಮೆಟೀರಿಯಲ್‌ನ `Attribute` ನೋಡ್‌ನಲ್ಲಿ `Instancer` ಆರಿಸಿ ಓದಿಸಿದರೆ ಮುಗಿಯಿತು.

ಸೈಕಲ್ ಒಳಗೆ ವಿಶೇಷವಾದ ಚಲನೆ ಬೇಡ. ಒಬ್ಬ ತಲೆ ಕೆರೆದುಕೊಂಡರೆ ಇಪ್ಪತ್ತು ಜನ ಒಟ್ಟಿಗೆ ತಲೆ ಕೆರೆದುಕೊಳ್ಳುತ್ತಾರೆ. ಅಂಥದ್ದನ್ನು ಮೊದಲ ದಾರಿಗೆ ಬಿಡುತ್ತೇನೆ. ಕ್ಯಾಮೆರಾಗೆ ಹತ್ತಿರದ ನಾಲ್ಕೈದು ಜನ ಪೂರ್ತಿ ರಿಗ್‌ಗಳೇ. ಒಬ್ಬಳು ತಿರುಗಿ ನೋಡುತ್ತಾಳೆ, ಒಬ್ಬ ಚೀಲವನ್ನು ಹೆಗಲು ಬದಲಿಸುತ್ತಾನೆ. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ, ಹಿಂದಿನ ಇನ್ನೂರು ಜನರನ್ನು ಯಾರೂ ಎಣಿಸುವುದಿಲ್ಲ.

ನಾನು ಒಬ್ಬನೇ ಕೆಲಸ ಮಾಡುವವನು, ಮಷಿನ್ ಹಳೆಯದು, ನನ್ನ ಶಾಟ್‌ಗಳು ಹತ್ತು ಸೆಕೆಂಡು ದಾಟುವುದು ಅಪರೂಪ. ಸೀಡ್ ಸಂಖ್ಯೆ ಬದಲಿಸಿದ ತಕ್ಷಣ ಹೊಸ ಗುಂಪು ಕಾಣಬೇಕು ನನಗೆ. ಇನ್‌ಸ್ಟೆನ್ಸಿಂಗ್‌ಗೆ ಅದು ಬರುತ್ತದೆ. ಆದರೆ ಇಲ್ಲಿ ಎಲ್ಲರೂ ನೇರ ಗೆರೆಯಲ್ಲಿ ನಡೆಯುತ್ತಾರೆ, ಯಾರೂ ಯಾರನ್ನೂ ತಪ್ಪಿಸುವುದಿಲ್ಲ. ಎರಡು ದಿಕ್ಕಿನವರನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಬಿಟ್ಟು ನಾನು ಪಾರಾಗುತ್ತೇನೆ. ಕ್ಯಾಮೆರಾ ಮೇಲಿನಿಂದ ನೋಡುವ ಶಾಟ್ ಬಂದರೆ, ಅಥವಾ ಗುಂಪು ಚದುರಿ ಓಡಬೇಕು ಅಂದರೆ, ಆ ಆಡ್-ಆನ್ ಅನ್ನೇ ಮತ್ತೆ ತೆರೆಯುತ್ತೇನೆ.