ಫಿನಾಸ್ಟೆರೈಡ್: ನುಂಗುವ ಮಾತ್ರೆಯೋ, ನೆತ್ತಿಗೆ ಹಚ್ಚುವ ದ್ರಾವಣವೋ?

ಗಂಡಸರ ಕೂದಲು ಉದುರುವಿಕೆಗೆ ಕೊಡುವ ಫಿನಾಸ್ಟೆರೈಡ್ ಮಾತ್ರೆಯ ಅಡ್ಡಪರಿಣಾಮಕ್ಕೆ ಹೆದರಿ ದ್ರಾವಣಕ್ಕೆ ಹೋಗುವವರು ಬಾಟಲಿಯ ಮೇಲಿನ ಶೇಕಡಾವಾರು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ನೋಡಬೇಕಾದದ್ದು ದಿನಕ್ಕೆ ಎಷ್ಟು ಔಷಧ ನೆತ್ತಿಗೆ ಬೀಳುತ್ತದೆ ಎಂಬುದನ್ನು.

ಮಾತ್ರೆಯ ಲೆಕ್ಕ ಸರಳ: ದಿನಕ್ಕೆ 1 ಮಿ.ಗ್ರಾಂ. ಕೂದಲಿನ ಬುಡವನ್ನು ಸೊರಗಿಸುವ ಡಿಎಚ್‌ಟಿ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಅನುಮೋದನೆಗೆ ಮೊದಲಿನ ಪ್ರಯೋಗಗಳಲ್ಲಿ ಕಾಮಾಸಕ್ತಿ, ನಿಮಿರುವಿಕೆ ಅಥವಾ ಸ್ಖಲನದ ತೊಂದರೆ ಕಂಡವರು ಶೇ. 3.8, ಹುಸಿಮಾತ್ರೆ ನುಂಗಿದವರಲ್ಲಿ ಶೇ. 2.1. ಹೆಚ್ಚಿನವರಿಗೆ ಮಾತ್ರೆ ಬಿಟ್ಟ ಮೇಲೆ ಸರಿಹೋಗುತ್ತದೆ. ಬಿಟ್ಟರೂ ಹೋಗಲಿಲ್ಲ ಎಂದು ಹೇಳುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ನಿಯಂತ್ರಕರು 2025ರ ಮೇ ತಿಂಗಳಲ್ಲಿ ದೃಢಪಡಿಸಿದರು.

ಇನ್ನು ದ್ರಾವಣ. ಶೇ. 0.25ರ ಸ್ಪ್ರೇಯನ್ನು ಮಾತ್ರೆಯೊಂದಿಗೆ 24 ವಾರ ಹೋಲಿಸಿದ ಪ್ರಯೋಗದಲ್ಲಿ ಕೂದಲಿನ ಎಣಿಕೆ ಹೆಚ್ಚುಕಡಿಮೆ ಒಂದೇ ಬಂತು. ರಕ್ತದ ಡಿಎಚ್‌ಟಿ ಮಾತ್ರೆಯಲ್ಲಿ ಶೇ. 55.6, ಸ್ಪ್ರೇಯಲ್ಲಿ ಶೇ. 34.5 ಇಳಿಯಿತು. ಅಂದರೆ ಕಡಿಮೆ, ಸೊನ್ನೆಯಲ್ಲ. ಆ ಸ್ಪ್ರೇಯಲ್ಲಿ ದಿನದ ಗರಿಷ್ಠ ಪ್ರಮಾಣ ಸುಮಾರು 0.2 ಎಂ.ಎಲ್., ಅದರಲ್ಲಿ ಔಷಧ ಅರ್ಧ ಮಿ.ಗ್ರಾಂ.ಗಿಂತ ಹೆಚ್ಚಿಲ್ಲ. ಕೂದಲು ಬೆಳೆಸುವ ಇನ್ನೊಂದು ಔಷಧ ಮಿನಾಕ್ಸಿಡಿಲ್ ಬೆರೆತು ನಮ್ಮಲ್ಲಿ ಸಿಗುವ ದ್ರಾವಣದಲ್ಲಿ ಫಿನಾಸ್ಟೆರೈಡ್ ಸಾಮಾನ್ಯವಾಗಿ ಶೇ. 0.1. ಅದು ಸೌಮ್ಯ ಅನ್ನಿಸುತ್ತದೆ. ಆದರೆ 1 ಎಂ.ಎಲ್. ಹಚ್ಚಿದರೆ 1 ಮಿ.ಗ್ರಾಂ., ಬೆಳಿಗ್ಗೆ ಸಂಜೆ ಹಚ್ಚಿದರೆ 2 ಮಿ.ಗ್ರಾಂ. ಅಷ್ಟೂ ರಕ್ತಕ್ಕೆ ಸೇರುವುದಿಲ್ಲ ನಿಜ, ಆದರೂ ಪ್ರಮಾಣ ಏರಿದಷ್ಟೂ ಒಳಗಿಳಿಯುವುದೂ ಏರುತ್ತದೆ. ಗಾಯವಾದ ನೆತ್ತಿ, ಆಗಷ್ಟೇ ಸಣ್ಣ ಸೂಜಿಗಳ ಡರ್ಮಾರೋಲರ್ ಎಳೆದ ನೆತ್ತಿ ಇನ್ನೂ ಹೆಚ್ಚು ಹೀರುತ್ತದೆ. ಒಣ ತಲೆಗೆ ಹಚ್ಚಿ, ಕೈ ತೊಳೆದು, ಆರಿದ ಮೇಲೆಯೇ ದಿಂಬಿಗೆ ತಲೆ ಕೊಡಿ. ಗರ್ಭಿಣಿಯರ ಮೈಗೆ ಇದು ತಾಗಬಾರದು.

ಹಾರ್ಮೋನಿನ ತಂಟೆಯೇ ಬೇಡ ಅನ್ನುವವರಿಗೆ ಬರೀ ಶೇ. 5ರ ಮಿನಾಕ್ಸಿಡಿಲ್ ಇದೆ. ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರಬಹುದು, ಅದಕ್ಕೆ ಹೆದರಿ ಬಿಡುವವರೂ ಇದ್ದಾರೆ. ಹಿಂದೆ ಖಿನ್ನತೆ ಬಂದವರು ಇಲ್ಲಿಂದಲೇ ಶುರುಮಾಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಚರ್ಮವೈದ್ಯರ ಬಳಿ "ಸೈಡ್ ಎಫೆಕ್ಟ್ ಇದೆಯಾ ಡಾಕ್ಟ್ರೇ?" ಅಂದರೆ "ಅಪರೂಪ" ಅನ್ನುವ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಹೋಗುವ ಮೊದಲು ಎರಡು ವಾರ ನಿದ್ರೆ, ಮನಸ್ಸಿನ ಸ್ಥಿತಿ, ಕಾಮಾಸಕ್ತಿ, ಬೆಳಗಿನ ನಿಮಿರುವಿಕೆ ಬರೆದಿಡಿ. ಈ ದಾಖಲೆ ಇಲ್ಲದಿದ್ದರೆ ಆಮೇಲೆ ಆದದ್ದು ಔಷಧದಿಂದಲೋ, ಭಯದಿಂದಲೋ, ಮೊದಲೇ ಇದ್ದದ್ದೋ ಹೇಳಲಾಗದು. ಹೀಗೆ ಕೇಳಿ: "ನನಗೆ ಮೊದಲು ಖಿನ್ನತೆಗೆ ಮಾತ್ರೆ ಕೊಟ್ಟಿದ್ದರು. ಮಗುವಿಗೂ ಪ್ರಯತ್ನಿಸುತ್ತಿದ್ದೇವೆ. ಇದು ನನಗೆ ಸರಿಯೇ? ದಿನಕ್ಕೆ ಎಷ್ಟು ಎಂ.ಎಲ್. ಹಚ್ಚಬೇಕು? ಏನಾದರೆ ನಿಲ್ಲಿಸಬೇಕು?" ಸಾಯುವ ಯೋಚನೆ ಬಂದರಂತೂ ಮುಂದಿನ ಭೇಟಿಗೆ ಕಾಯದೆ ಔಷಧ ನಿಲ್ಲಿಸಿ, ಅಂದೇ ವೈದ್ಯರನ್ನು ಕಾಣಿ. ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು.

ನಡುವಯಸ್ಸು ದಾಟಿದವರು ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪರೀಕ್ಷೆ ಮಾಡಿಸುವಾಗಲೂ ಈ ಮಾತ್ರೆಯ ವಿಷಯ ಹೇಳಲೇಬೇಕು. ಅದು ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸಿ, ಪ್ರಾಸ್ಟೇಟ್ ಕಾಯಿಲೆಯನ್ನು ಮರೆಮಾಚಬಲ್ಲದು.