ಝೋಲ್ಪಿಡೆಮ್ ನಿದ್ದೆ ಮಾತ್ರೆ: ದೀರ್ಘಕಾಲ ಬಳಸಿದವರೊಬ್ಬರ ವಿಮರ್ಶೆ

ಝೋಲ್ಪಿಡೆಮ್, ಝೋಪಿಕ್ಲೋನ್, ಎಸ್‌ಝೋಪಿಕ್ಲೋನ್, ಝಲೆಪ್ಲಾನ್ ಎಂಬ ನಿದ್ದೆ ಮಾತ್ರೆಗಳನ್ನು ಒಟ್ಟಾಗಿ ಝಡ್ ಡ್ರಗ್ಸ್ ಎಂದು ಕರೆಯುತ್ತಾರೆ. ಇವುಗಳಲ್ಲಿ ನಾನು ಬಳಸಿದ್ದು ಝೋಲ್ಪಿಡೆಮ್ ಮಾತ್ರ, ಅದೂ ವೈದ್ಯರ ಚೀಟಿಯ ಮೇಲೆ. ಮೊದಲು 10 ಮಿಲಿಗ್ರಾಂ, ನಂತರ 5 ಮಿಲಿಗ್ರಾಂ. ಬೇಗ ನಿದ್ದೆ ಬರಿಸುತ್ತದೆಯೇ ಎಂದು ಕೇಳಿದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಾಸಿಗೆಯಲ್ಲಿ ಗಂಟೆಗಟ್ಟಲೆ ಹೊರಳಾಡುತ್ತಿದ್ದ ನನಗೆ ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಕಣ್ಣು ಮುಚ್ಚುತ್ತಿತ್ತು. ಒಟ್ಟಾರೆ ಅಂಕ ಎರಡಕ್ಕಿಂತ ಮೇಲೇರದಿರಲು ಕಾರಣವೇನೆಂದರೆ, ನಿದ್ದೆ ಬರಿಸುವ ಅದೇ ಗುಣವು ನೆನಪಿನ ಮೇಲೂ ಕೈಯಿಡುತ್ತದೆ.

ಮೊದಲು ಕಾಣಿಸಿಕೊಂಡದ್ದು ನೆನಪಿನ ಖಾಲಿ ಜಾಗ. ರಾತ್ರಿ ಊಟವಾದ ಕೂಡಲೇ ಬಿ.ಪಿ. ಮಾತ್ರೆಯ ಜೊತೆಗೆ ಇದನ್ನೂ ನುಂಗುವುದು ನಮ್ಮ ಮನೆಯ ರೂಢಿಯಾಗಿತ್ತು. ಒಂದು ರಾತ್ರಿ ಮಾತ್ರೆ ನುಂಗಿದ ಮೇಲೆ ಹುಬ್ಬಳ್ಳಿಯಿಂದ ತಂಗಿ ಫೋನ್ ಮಾಡಿದಳು. ಅವಳ ಮಗನ ಮುಂಜಿವೆಗೆ ಯಾವ ವಾರ ಅನುಕೂಲ, ಅಡುಗೆಗೆ ಯಾರನ್ನು ಕರೆಯಬೇಕು, ಸೀರೆಗಳನ್ನು ಎಲ್ಲಿ ತರಬೇಕು ಎಂದೆಲ್ಲ ನಾವಿಬ್ಬರೂ ಮಾತಾಡಿದೆವಂತೆ. ಮರುದಿನ ಮಧ್ಯಾಹ್ನ ನಾನೇ ಅವಳಿಗೆ ಫೋನ್ ಮಾಡಿ ‘ಮುಂಜಿವಿ ಯಾವಾಗ ಇಟ್ಟುಕೊಂಡೀರಿ?’ ಎಂದು ಕೇಳಿದಾಗ ಅವಳು ನಕ್ಕಳು, ಆಮೇಲೆ ಗಾಬರಿಯಾದಳು. ಫೋನಿನ ಕಾಲ್ ಪಟ್ಟಿಯಲ್ಲಿ ಹಿಂದಿನ ರಾತ್ರಿಯ ಕರೆ ಇತ್ತು. ನನ್ನ ತಲೆಯಲ್ಲಿ ಇರಲಿಲ್ಲ. ನನ್ನ ಮಾತು ತೊದಲುತ್ತಿತ್ತೇ ಎಂದು ಕೇಳಿದರೆ, ಇಲ್ಲ, ಎಂದಿನಂತೆಯೇ ಇತ್ತು ಎಂದಳು.

ಇದನ್ನು ಸಾಮಾನ್ಯ ಮರೆವೆಂದು ಭಾವಿಸುವಂತಿಲ್ಲ. ಮರೆತ ವಿಷಯವನ್ನು ಯಾರಾದರೂ ನೆನಪಿಸಿದರೆ ತುಣುಕಾದರೂ ಮರಳಿ ಬರುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಆ ಮಾತುಕತೆ ಮೆದುಳಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವು ನರಕೋಶಗಳ ಮೇಲೆ ಬಂದು ಕೂರುವ ಜಾಗಗಳಾದ ಗ್ರಾಹಕಗಳಿಗೆ ಈ ಔಷಧವೂ ಅಂಟಿಕೊಂಡು ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ. ಆ ಗ್ರಾಹಕಗಳಲ್ಲಿ ಹಲವು ಬಗೆಗಳಿದ್ದು, ಝೋಲ್ಪಿಡೆಮ್ ಹೆಚ್ಚಾಗಿ ಹಿಡಿಯುವ ಬಗೆಯು ನಿದ್ದೆಯನ್ನು ತರುವುದರ ಜೊತೆಗೆ ಹೊಸ ನೆನಪು ಗಟ್ಟಿಯಾಗುವುದನ್ನೂ ತಡೆಯುತ್ತದೆ. ಹೀಗಾಗಿ ಮಾತ್ರೆಯ ಪ್ರಭಾವ ಏರಿದ ಮೇಲೂ ಎಚ್ಚರವಾಗಿದ್ದವರು ನಡೆಯಬಲ್ಲರು, ಲೆಕ್ಕ ಹಾಕಬಲ್ಲರು, ಮಾತಾಡಬಲ್ಲರು. ಆದರೆ ಅದಾವುದೂ ಬರೆದಿಟ್ಟಂತೆ ಉಳಿಯುವುದಿಲ್ಲ. ಹೊಟ್ಟೆ ತುಂಬಿದ್ದಾಗ ಮಾತ್ರೆ ರಕ್ತಕ್ಕೆ ಸೇರುವುದು ತಡವಾಗುವುದರಿಂದ, ಊಟದ ಬೆನ್ನಿಗೇ ನುಂಗಿದವರಿಗೆ ಇಂಥ ಅರೆ ಎಚ್ಚರದ ಹೊತ್ತು ಲಂಬಿಸಬಹುದು. ಹಾಸಿಗೆಗೆ ಹೋಗುವ ಕ್ಷಣದಲ್ಲೇ ನುಂಗಬೇಕು, ಊಟದ ಜೊತೆಗಾಗಲಿ ಕೂಡಲೇ ನಂತರವಾಗಲಿ ಬೇಡ, ಮುಂದೆ ಏಳೆಂಟು ಗಂಟೆ ಮಲಗುವ ಅವಕಾಶವಿರಬೇಕು ಎಂಬ ಸೂಚನೆ ಔಷಧದ ಮಾಹಿತಿಪತ್ರದಲ್ಲಿ ಇರುತ್ತದೆ. ನಮ್ಮಲ್ಲಿ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಆ ಪತ್ರ ರೋಗಿಯ ಕೈಗೆ ಬರುವುದು ಅಪರೂಪ.

ವೈದ್ಯರಿಗೆ ಇದನ್ನು ಹೇಳಿದಾಗ ಅವರು ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಹೆಂಗಸರ ದೇಹದಿಂದ ಈ ಔಷಧ ನಿಧಾನವಾಗಿ ಹೊರಹೋಗುತ್ತದೆ. 10 ಮಿಲಿಗ್ರಾಂ ತೆಗೆದುಕೊಂಡ ಎಂಟು ಗಂಟೆಗಳ ನಂತರವೂ ವಾಹನ ಚಾಲನೆಗೆ ಅಡ್ಡಿಯಾಗುವಷ್ಟು ಔಷಧ ನೂರಕ್ಕೆ ಸುಮಾರು 15 ಹೆಂಗಸರ ರಕ್ತದಲ್ಲಿ ಉಳಿದಿರುತ್ತದೆ, ಗಂಡಸರಲ್ಲಿ ಈ ಸಂಖ್ಯೆ ಸುಮಾರು 3. ಇದೇ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಹೆಂಗಸರ ಆರಂಭಿಕ ಪ್ರಮಾಣವನ್ನು 5 ಮಿಲಿಗ್ರಾಂಗೆ ಇಳಿಸಿತು. ಕಡಿಮೆ ಮಾಡಿದ ಮೇಲೆ ನನ್ನ ಬೆಳಗಿನ ಮಂಕು ಬಹಳಷ್ಟು ಹೋಯಿತು. ಹಾಸಿಗೆಯ ಮೇಲೆ ಕುಳಿತೇ ಮಾತ್ರೆ ನುಂಗತೊಡಗಿದ್ದರಿಂದ ಕಳೆದುಹೋಗುವ ಮಾತುಕತೆಗಳೂ ನಿಂತವು. ಇಲ್ಲಿಗೇ ಮುಗಿದಿದ್ದರೆ ಈ ವಿಮರ್ಶೆಯಲ್ಲಿ ಇನ್ನೊಂದು ಅಂಕ ಹೆಚ್ಚು ಇರುತ್ತಿತ್ತು.

ಎರಡನೆಯ ತೊಂದರೆ ಶುರುವಾದದ್ದು 5 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾಗಲೇ. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಚುರಮುರಿ ಡಬ್ಬಿಯ ಮುಚ್ಚಳ ತೆಗೆದಿರುತ್ತಿತ್ತು, ಕಟ್ಟೆಯ ಮೇಲೆ ಬೆಲ್ಲದ ಪುಡಿ ಚೆಲ್ಲಿರುತ್ತಿತ್ತು. ಇಲಿಯೆಂದು ಬೋನನ್ನೂ ಇಟ್ಟೆವು. ಒಂದು ರಾತ್ರಿ ಸಾಸಿವೆ ಸಿಡಿಯುವ ಸದ್ದಿಗೆ ಎದ್ದು ಬಂದ ನನ್ನ ಯಜಮಾನರು, ನಾನು ದೀಪ ಹಾಕದೆ ಒಲೆಯ ಬೆಳಕಿನಲ್ಲೇ ಬಾಣಲೆಯ ಮುಂದೆ ನಿಂತಿರುವುದನ್ನು ಕಂಡರು. ಪಕ್ಕದಲ್ಲಿ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿಟ್ಟಿತ್ತು. ‘ಏನ್ ಮಾಡ್ಲಿಕತ್ತೀ?’ ಎಂದು ಅವರು ಕೇಳಿದ್ದಕ್ಕೆ ‘ಚುರಮುರಿ ಒಗ್ಗರಣಿ ಹಾಕ್ಲಿಕತ್ತೇನ್ರೀ, ನೀವು ಮಲಕೋರಿ’ ಎಂದೆನಂತೆ. ಕಣ್ಣು ತೆರೆದಿತ್ತು, ನೋಟ ಮಾತ್ರ ಅವರ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಅವರು ಗ್ಯಾಸ್ ಆರಿಸಿ, ರಟ್ಟೆ ಹಿಡಿದು ಕರೆತಂದು ಮಲಗಿಸಿದರು. ಬೆಳಿಗ್ಗೆ ನನಗೆ ತಿಳಿದದ್ದು ಬೆರಳಿನ ಮೇಲಿನ ಎಣ್ಣೆಯ ಸುಟ್ಟ ಗುರುತು ಮಾತ್ರ.

ಮೊದಲಿನದರಲ್ಲಿ ನಾನು ಮಲಗಿರಲೇ ಇಲ್ಲ. ಇದರಲ್ಲಿ ಮಲಗಿದವಳು ಪೂರ್ತಿ ಎಚ್ಚರವಾಗದೆ ಎದ್ದಿದ್ದೆ. ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಬೇಕು, ಏಕೆಂದರೆ ಎರಡಕ್ಕೂ ಮಾಡಬೇಕಾದದ್ದು ಒಂದೇ ಅಲ್ಲ. ಮಾತ್ರೆ ನುಂಗುವ ಹೊತ್ತನ್ನು ಸರಿಪಡಿಸಿದರೆ ಮೊದಲಿನದು ಕಡಿಮೆಯಾಗಬಹುದು. ನಿದ್ದೆಯಲ್ಲೇ ಎದ್ದು ನಡೆಯುವುದು, ಅಡುಗೆ ಮಾಡುವುದು, ತಿನ್ನುವುದು, ಫೋನ್ ಮಾಡುವುದು, ಕಾರು ಓಡಿಸುವುದು ಕಡಿಮೆ ಪ್ರಮಾಣದಲ್ಲೂ, ಮೊದಲನೆಯ ಮಾತ್ರೆಯ ನಂತರವೂ, ಮದ್ಯ ಮುಟ್ಟದವರಲ್ಲೂ ಆಗಬಲ್ಲದು. ಮದ್ಯ ಅಥವಾ ಮಂಪರು ತರುವ ಬೇರೆ ಔಷಧ ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚುತ್ತದೆ. 2019ರಲ್ಲಿ ಎಫ್‌ಡಿಎ ಝೋಲ್ಪಿಡೆಮ್, ಎಸ್‌ಝೋಪಿಕ್ಲೋನ್, ಝಲೆಪ್ಲಾನ್‌ಗಳಿಗೆ ತನ್ನ ಅತ್ಯಂತ ಕಟುವಾದ, ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿದಾಗ ಅದರ ಮುಂದಿದ್ದದ್ದು 26 ವರ್ಷಗಳಲ್ಲಿ ವರದಿಯಾದ 66 ಗಂಭೀರ ಪ್ರಕರಣಗಳು, ಅವುಗಳಲ್ಲಿ 20 ಸಾವುಗಳು. ಅಷ್ಟೊಂದು ಜನ ಬಳಸುವ ಔಷಧಕ್ಕೆ ಇದು ಸಣ್ಣ ಸಂಖ್ಯೆಯೇ. ಆದರೆ ನಮ್ಮ ಡಬ್ಬಿಯ ಬೆಲ್ಲದಂಥವನ್ನು ಯಾರೂ ವರದಿ ಮಾಡುವುದಿಲ್ಲ, ಮಾಡಬೇಕಾದವರಿಗೆ ನೆನಪೇ ಇರುವುದಿಲ್ಲ.

ಆ ಎಚ್ಚರಿಕೆಯ ಪ್ರಕಾರ, ಒಮ್ಮೆಯಾದರೂ ಹೀಗಾದವರಿಗೆ ಈ ಗುಂಪಿನ ಔಷಧವನ್ನು ಮತ್ತೆ ಕೊಡಬಾರದು. ನನ್ನ ವೈದ್ಯರೂ ಪ್ರಮಾಣ ಬದಲಿಸುವ ಮಾತಾಡದೆ ಮಾತ್ರೆಯನ್ನೇ ನಿಲ್ಲಿಸಿದರು. ಬಹಳ ಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಬಿಟ್ಟಾಗ ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದಾದ್ದರಿಂದ ಹೇಗೆ ಬಿಡಬೇಕೆಂದು ವೈದ್ಯರೇ ನಿರ್ಧರಿಸಬೇಕು. ನನಗೆ ಬಂದದ್ದು ಮೊದಲಿಗಿಂತ ಕೆಟ್ಟ ನಿದ್ರಾಹೀನತೆ; ಅದು ಕೆಲವು ರಾತ್ರಿ ಕಾಡಿ ಇಳಿಯಿತು. ಈಗ ನಿದ್ದೆಗಾಗಿ ಸಿಬಿಟಿ ಎಂಬ ನಡವಳಿಕೆಯ ಚಿಕಿತ್ಸೆ ನಡೆದಿದೆ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಕತ್ತರಿಸಿ, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕೆನ್ನುವ ಈ ಕ್ರಮ ಮೊದಲ ವಾರಗಳಲ್ಲಿ ಶಿಕ್ಷೆಯಂತೆಯೇ ಇತ್ತು.

ಝೋಲ್ಪಿಡೆಮ್ ಈಗಷ್ಟೇ ಶುರುಮಾಡಿದವರ ಮನೆಯವರು ಬೆಳಿಗ್ಗೆ ಫೋನಿನ ಕರೆಗಳು, ಕಳುಹಿಸಿದ ಸಂದೇಶಗಳು, ಅಡುಗೆಮನೆ, ಬೈಕಿನ ಕೀಲಿಯ ಜಾಗ, ಇಷ್ಟನ್ನು ಗಮನಿಸುತ್ತಿರಲಿ; ಬಳಸುವವರಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ. ಒಂಟಿಯಾಗಿರುವವರಿಗೆ ಈ ಮಾತ್ರೆ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ. ಭಾರತದಲ್ಲಿ ಝೋಲ್ಪಿಡೆಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವುದರಿಂದ ಚೀಟಿಯಿಲ್ಲದೆ ಮಾರುವಂತಿಲ್ಲ, ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ರೋಗಿಯ ಹೆಸರು ಬರೆದಿಡಬೇಕು. ಪಕ್ಕದ ಮನೆಯವರ ಸ್ಟ್ರಿಪ್‌ನಿಂದ ಒಂದು ಮಾತ್ರೆ ಎರವಲು ಪಡೆಯುವವರನ್ನು ಮಾತ್ರ ಆ ಪುಸ್ತಕ ತಡೆಯಲಾರದು.